ನೋಂದಣಿಯಾದ ವಿಲ್, ನೋಂದಣಿಯಾಗದ ವಿಲ್

ಕೇಳುಗರಿಗೆ ನಮಸ್ಕಾರ.

ಆಸ್ತಿಯ ವ್ಯಾಜ್ಯ ನಡೆಸುವ ವಕೀಲರ ಬಳಿಗೆ ವಿಲ್ ಹಿಡಿದು ಬರುವವರಲ್ಲಿ ಹೆಚ್ಚಿನವರು ಮೊದಲು ತೋರಿಸುವುದು ಅದರ ಒಕ್ಕಣೆಯನ್ನಲ್ಲ, ಹಿಂಬದಿಯಲ್ಲಿರುವ ಉಪನೋಂದಣಾಧಿಕಾರಿಯ ಮೊಹರನ್ನು. "ಇದು ರಿಜಿಸ್ಟರ್ ಆಗಿದೆ ಸಾರ್, ಇನ್ನು ಯಾರೂ ಏನೂ ಮಾಡುವ ಹಾಗಿಲ್ಲ" ಎನ್ನುತ್ತಾರೆ. ಆ ಮಾತು ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ಒಂದು ಉದಾಹರಣೆಯ ಮೂಲಕ ನೋಡೋಣ.

ಮಂಡ್ಯದ ಕಡೆಯ ಒಬ್ಬ ರೈತರಿಗೆ ಸ್ವಂತ ದುಡಿಮೆಯಿಂದ ಕೊಂಡ ನಾಲ್ಕು ಎಕರೆ ಜಮೀನಿದೆ ಎಂದಿಟ್ಟುಕೊಳ್ಳಿ. 2012ರಲ್ಲಿ ಅವರು ಇಡೀ ಜಮೀನನ್ನು ಹಿರಿಯ ಮಗನಿಗೆ ಬರೆದು, ಆ ವಿಲ್ಲನ್ನು ನೋಂದಣಿ ಮಾಡಿಸಿದರು. 2019ರಲ್ಲಿ ಮನಸ್ಸು ಬದಲಾಗಿ, ಗೆರೆ ಹಾಕಿದ ಎರಡು ಹಾಳೆಗಳ ಮೇಲೆ, ಜಮೀನು ಇಬ್ಬರು ಗಂಡುಮಕ್ಕಳಿಗೂ ಮಗಳಿಗೂ ಸಮನಾಗಿ ಸೇರಬೇಕೆಂದು ಬರೆದು ಸಹಿ ಹಾಕಿದರು. ನೆರೆಮನೆಯ ಮೇಷ್ಟ್ರು ಮತ್ತು ಒಬ್ಬ ಸ್ನೇಹಿತರು ಸಾಕ್ಷಿ ಹಾಕಿದರು. ಇದು ನೋಂದಣಿಯಾಗಲಿಲ್ಲ. ಅವರು ತೀರಿಕೊಂಡ ಮೇಲೆ ಹಿರಿಯ ಮಗ ಮೊದಲನೆಯ ವಿಲ್ಲನ್ನೂ, ಮಗಳು ಎರಡನೆಯದನ್ನೂ ಮುಂದಿಟ್ಟರು.

1908ರ ನೋಂದಣಿ ಕಾಯಿದೆಯ 18ನೇ ಕಲಮಿನ ಪ್ರಕಾರ ವಿಲ್ ನೋಂದಣಿ ಕಡ್ಡಾಯವಲ್ಲ. ಅದಕ್ಕೆ ಛಾಪಾ ಕಾಗದವೂ ಬೇಕಿಲ್ಲ. ಹಿಂದೂಗಳ ವಿಲ್ ಹೇಗಿರಬೇಕೆಂಬುದನ್ನು ಹೇಳುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 63ನೇ ಕಲಮು. ಬರೆದವರು ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ಕಣ್ಣಾರೆ ಕಂಡಿರಬೇಕು, ಇಲ್ಲವೇ "ಇದು ನನ್ನದೇ ಸಹಿ" ಎಂದು ಅವರ ಬಾಯಿಂದಲೇ ಕೇಳಿರಬೇಕು. ಪ್ರತಿಯೊಬ್ಬ ಸಾಕ್ಷಿಯೂ ಬರೆದವರ ಎದುರಿನಲ್ಲಿಯೇ ಸಹಿ ಹಾಕಬೇಕು. ಇಡೀ ಕಲಮಿನಲ್ಲಿ ನೋಂದಣಿಯ ಮಾತೇ ಇಲ್ಲ. ಹಾಗಾಗಿ 2019ರ ವಿಲ್ ಈ ರೀತಿ ಸಾಬೀತಾದರೆ, ಅದು ನೋಂದಣಿಯಾದ 2012ರ ವಿಲ್ಲನ್ನು ರದ್ದುಪಡಿಸುತ್ತದೆ. ನೋಂದಣಿಯಾದದ್ದನ್ನು ರದ್ದುಮಾಡಲು ನೋಂದಣಿಯಾದ ಪತ್ರವೇ ಬೇಕೆಂಬ ನಂಬಿಕೆ ನಮ್ಮಲ್ಲಿ ಬಹಳ ಹರಡಿದೆ. ವಿಲ್ಲಿನ ಮಟ್ಟಿಗೆ ಅದು ತಪ್ಪು.

ಸಾಬೀತುಪಡಿಸುವುದು ಮಾತ್ರ ಸುಲಭವಲ್ಲ. ಸಾಕ್ಷಿ ಹಾಕಿದವರಲ್ಲಿ ಯಾರಾದರೂ ಬದುಕಿದ್ದು ಸಾಕ್ಷ್ಯ ನುಡಿಯಲು ಶಕ್ತರಾಗಿದ್ದರೆ ಒಬ್ಬರನ್ನಾದರೂ ನ್ಯಾಯಾಲಯಕ್ಕೆ ಕರೆಸಲೇಬೇಕು. ಹಳೆಯ ಸಾಕ್ಷ್ಯ ಕಾಯಿದೆಯ 68ನೇ ಕಲಮಿನಲ್ಲಿದ್ದ ಈ ನಿಯಮ ಈಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 67ನೇ ಕಲಮಿನಲ್ಲಿದೆ. ನೋಂದಣಿಯಾದ ಪತ್ರವನ್ನು ಎದುರು ಪಕ್ಷ ನಿರ್ದಿಷ್ಟವಾಗಿ ಅಲ್ಲಗಳೆಯದಿದ್ದರೆ ಸಾಕ್ಷಿಯನ್ನು ಕರೆಸಬೇಕಿಲ್ಲವೆಂಬ ವಿನಾಯಿತಿ ಅದರಲ್ಲಿದೆ ನಿಜ, ಆದರೆ ವಿಲ್ಲನ್ನು ಆ ವಿನಾಯಿತಿಯಿಂದ ಹೊರಗಿಟ್ಟಿದ್ದಾರೆ. ಆದ್ದರಿಂದ ಹಿರಿಯ ಮಗನೂ ತನ್ನ ಸಾಕ್ಷಿಯನ್ನು ಕಟಕಟೆಗೆ ತರಲೇಬೇಕು. ಅವನು ಎಡವುವುದೂ ಸಾಮಾನ್ಯವಾಗಿ ಇಲ್ಲಿಯೇ. ನೋಂದಣಿ ಕಚೇರಿಯಲ್ಲಿ "ಇವರೇ ಆ ವ್ಯಕ್ತಿ" ಎಂದು ಗುರುತಿಸಿ ಹಿಂಬದಿಯಲ್ಲಿ ಸಹಿ ಹಾಕಿದವರು, ಅಷ್ಟರಿಂದಲೇ, ವಿಲ್ಲಿಗೆ ಸಾಕ್ಷಿಗಳಾಗುವುದಿಲ್ಲ. ಸಾಕ್ಷಿ ಹಾಕಿದವರೇ ಪಾಟೀಸವಾಲಿನಲ್ಲಿ "ನಾನು ಹೋಗುವಷ್ಟರಲ್ಲಿ ಯಜಮಾನರ ಸಹಿ ಆಗಿತ್ತು, ಅವರು ಒಳಗೆ ಮಲಗಿದ್ದರು, ಬರಹಗಾರರು ತೋರಿಸಿದ ಕಡೆ ಸಹಿ ಹಾಕಿದೆ" ಎಂದುಬಿಟ್ಟರೆ, ಮೊಹರು ಆ ಕೊರತೆಯನ್ನು ತುಂಬಲಾರದು.

ಹಾಗಾದರೆ ನೋಂದಣಿಯಿಂದ ಪ್ರಯೋಜನವೇ ಇಲ್ಲವೇ? ಇದೆ, ಅದನ್ನು ಕಡೆಗಣಿಸಬಾರದು. ಬರೆದವರು ಆ ದಿನ ಸ್ವತಃ ಅಧಿಕಾರಿಯ ಮುಂದೆ ಬಂದು ಒಪ್ಪಿಕೊಂಡರು ಎಂಬುದಕ್ಕೆ ಸರ್ಕಾರಿ ದಾಖಲೆ ಉಳಿಯುತ್ತದೆ. ಸಹಿ ನಕಲಿ, ತಾರೀಖು ಹಿಂದಿನದು, ಹಾಳೆ ಬದಲಾಗಿದೆ ಎಂಬ ಆರೋಪಗಳು ಬಲ ಕಳೆದುಕೊಳ್ಳುತ್ತವೆ. ಮೂಲಪ್ರತಿ ಕಳೆದುಹೋದರೂ ಕಚೇರಿಯ ಪುಸ್ತಕದಲ್ಲಿ ನಕಲು ಇರುತ್ತದೆ. ಗೆರೆ ಹಾಳೆಯ ವಿಲ್ಲಿಗೆ ಈ ಯಾವ ಆಸರೆಯೂ ಇಲ್ಲದಿರುವುದರಿಂದ ಮಗಳ ಪಾಲಿಗೆ ಮೇಷ್ಟ್ರ ಸಾಕ್ಷ್ಯವೇ ಎಲ್ಲವೂ.

ಆದರೆ ಅನುಮಾನಾಸ್ಪದ ಸಂದರ್ಭಗಳಿದ್ದರೆ ಮಾತು ಬೇರೆ. ಮೈಸೂರಿನಿಂದ ಸುಪ್ರೀಂ ಕೋರ್ಟಿಗೆ ಹೋದ ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಾಜಮ್ಮ ಪ್ರಕರಣದಲ್ಲಿ 1958ರಲ್ಲಿ ಬಂದ ತೀರ್ಪು, ಅಂಥ ಅನುಮಾನಗಳನ್ನು ನಿವಾರಿಸುವ ಹೊಣೆ ವಿಲ್ಲನ್ನು ಮುಂದಿಟ್ಟವರದೇ ಎಂದು ಸ್ಪಷ್ಟಪಡಿಸಿತು. ವಿಲ್ಲಿನಿಂದ ಲಾಭ ಪಡೆಯುವವನೇ ಮುಂದೆ ನಿಂತು ಬರೆಸಿದ್ದು, ಕಾರಣ ಹೇಳದೆ ಹೆಂಡತಿ ಮಕ್ಕಳನ್ನು ಬಿಟ್ಟದ್ದು, ಬರೆದವರ ಬುದ್ಧಿ ಸ್ವಸ್ಥವಾಗಿತ್ತೇ ಎಂಬ ಸಂದೇಹ ಮುಂತಾದವು ಈ ಸಾಲಿಗೆ ಸೇರುತ್ತವೆ. ರಾಣಿ ಪೂರ್ಣಿಮಾ ದೇಬಿ ಪ್ರಕರಣದಲ್ಲಿ ಅದೇ ನ್ಯಾಯಾಲಯ, ನೋಂದಣಿಯೊಂದರಿಂದಲೇ ಇಂಥ ಅನುಮಾನ ಕಳೆಯುವುದಿಲ್ಲ, ಅಧಿಕಾರಿ ವಿಲ್ಲನ್ನು ಓದಿ ಹೇಳದೆ ಕಾಟಾಚಾರಕ್ಕೆ ನೋಂದಣಿ ಮುಗಿಸಿದ್ದರೆ ಅದಕ್ಕೆ ಹೆಚ್ಚಿನ ಬೆಲೆಯಿಲ್ಲ ಎಂದಿತು.

ನಮ್ಮ ಉದಾಹರಣೆಯಲ್ಲಿ, ಅಪ್ಪ ತಮ್ಮ ಕಣ್ಣೆದುರೇ ಸಹಿ ಹಾಕಿದರು, ಆಮೇಲೆ ತಾವಿಬ್ಬರೂ ಅವರ ಎದುರೇ ಸಹಿ ಹಾಕಿದೆವು ಎಂದು ಮೇಷ್ಟ್ರು ಹೇಳಿ, ಪಾಟೀಸವಾಲಿನಲ್ಲಿ ಅಲುಗದೆ ನಿಂತು, ಬೇರೆ ಅನುಮಾನಗಳೂ ಇಲ್ಲದಿದ್ದರೆ ಮಗಳ ವಿಲ್ ಗೆಲ್ಲುತ್ತದೆ. ಅದು ಬಿದ್ದರೆ ಹಿರಿಯ ಮಗನದು ತಾನಾಗಿ ಗೆದ್ದಂತಲ್ಲ, ಅವನೂ ತನ್ನದನ್ನು ರುಜುವಾತುಪಡಿಸಬೇಕು. ಎರಡೂ ಬಿದ್ದರೆ ವಿಲ್ಲೇ ಇರಲಿಲ್ಲವೆಂಬಂತೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಮೂವರು ಮಕ್ಕಳಿಗೂ, ತಾಯಿ ಬದುಕಿದ್ದರೆ ಅವರಿಗೂ, ಸಮಪಾಲು ಬರುತ್ತದೆ.

ನಮಸ್ಕಾರ.