ಕೊನೆಗೆ ಮಾಡಿದ್ದೇನು? ಚೈನ್ ರೂಲ್‌ಗೆ ಸೋತ ಹುಡುಗಿಗೊಂದು ಪತ್ರ

ನಮಸ್ಕಾರ. ಇವತ್ತು ಇಂಟಿಗ್ರೇಷನ್ ಶುರು ಮಾಡುತ್ತೇನೆ ಅಂದಿದ್ದೆ. ಮಾಡುವುದಿಲ್ಲ. ಕೋಪ ಬಂದಿದೆ.

ಹೋದ ವಾರದ ಚೈನ್ ರೂಲ್ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಸರ್, ಹೊರಗಿನದರ ಡಿರಿವೇಟಿವ್ ಇಂಟು ಒಳಗಿನದರ ಡಿರಿವೇಟಿವ್. ಮುಗೀತು. ಇದಕ್ಕೆ ಇಪ್ಪತ್ತು ನಿಮಿಷ ಕೊರೆಯಬೇಕಾ?" ಇದಕ್ಕೆ ನಲವತ್ತು ಲೈಕು. ನನ್ನ ವಿಡಿಯೋಗೇ ಅಷ್ಟು ಬಂದಿಲ್ಲ.

ಅದೇ ದಿನ ನನ್ನ ಹತ್ತಿರ ಟ್ಯೂಷನ್‌ಗೆ ಬರುವ ಎರಡನೇ ಪಿಯುಸಿ ಹುಡುಗಿ ಒಂದು ಹಾಳೆಯ ಫೋಟೋ ಕಳಿಸಿದ್ದಳು. ಹತ್ತು ಲೆಕ್ಕ, ಏಳು ತಪ್ಪು. ಕೆಳಗೆ ಒಂದು ಸಾಲು: "ಸರ್, ರೂಲ್ ಬಾಯಿಪಾಠ ಇದೆ. ಆದರೂ ಯಾಕೆ ತಪ್ಪಾಗುತ್ತೆ?" ಕೇಳಿಸಿತಾ ಕಾಮೆಂಟಣ್ಣ? ನಿಮ್ಮ ಮಂತ್ರ ಅವಳಿಗೂ ಬಾಯಿಗೆ ಬರುತ್ತೆ. ಅವಳಿಗೆ ಒಂದು ಪತ್ರ ಬರೆದಿದ್ದೇನೆ. ಅದನ್ನೇ ಓದುತ್ತೇನೆ. ಮಧ್ಯೆ ಮಧ್ಯೆ ನಿಮ್ಮನ್ನು ಬೈಯುತ್ತೇನೆ, ಅದು ಪತ್ರದಲ್ಲಿ ಇಲ್ಲ.

ನೋಡಮ್ಮ, ನಿನ್ನ ಹಾಳೆ ಎರಡು ಸಲ ನೋಡಿದೆ. ನಿನಗೆ ಡಿಫರೆನ್ಷಿಯೇಟ್ ಮಾಡೋಕೆ ಬರುತ್ತೆ. `sin x` ಕೊಟ್ಟರೆ `cos x` ಬರೆಯುತ್ತೀಯ, `x³` ಕೊಟ್ಟರೆ `3x²` ಬರೆಯುತ್ತೀಯ. ತಪ್ಪಾಗುತ್ತಿರುವುದು ಅದಕ್ಕೂ ಒಂದು ಹೆಜ್ಜೆ ಹಿಂದೆ. ಪೆನ್ನು ಇಡುವ ಮೊದಲು ಒಂದು ಪ್ರಶ್ನೆ ಕೇಳಬೇಕಿತ್ತು: ಇಲ್ಲಿ ಕೊನೆಗೆ ಮಾಡಿದ್ದೇನು?

`sin²x` ತಗೋ. ನೀನು ಇದರ ಡಿರಿವೇಟಿವ್ `cos²x` ಅಂತ ಬರೆದಿದ್ದೀಯ. ಎಡದಿಂದ ಓದಿದೆ, ಮೊದಲು `sin` ಕಣ್ಣಿಗೆ ಬಿತ್ತು, ಅದನ್ನು `cos` ಮಾಡಿಬಿಟ್ಟೆ. ಈಗ ಫೋನಿನ ಕ್ಯಾಲ್ಕುಲೇಟರ್ ತೆಗೆದು `x` ಜಾಗದಲ್ಲಿ 30 ಡಿಗ್ರಿ ಇಡು. ಮೊದಲು `sin` ಒತ್ತುತ್ತೀಯ, 0.5. ಆಮೇಲೆ ಸ್ಕ್ವೇರ್, 0.25. ಕೊನೆಗೆ ಮಾಡಿದ್ದು ಸ್ಕ್ವೇರ್. ಇನ್ನು `sin x²` ನೋಡು. ಮೊದಲು 30ರ ಸ್ಕ್ವೇರ್, 900. ಆಮೇಲೆ `sin`. ಉತ್ತರ ಸೊನ್ನೆ. ಅದೇ ಮೂರು ಗುರುತು, ಆ ಪುಟ್ಟ 2 ಮಾತ್ರ ಜಾಗ ಬದಲಿಸಿದೆ. ಒಂದರಲ್ಲಿ 0.25, ಇನ್ನೊಂದರಲ್ಲಿ ಸೊನ್ನೆ.

(ಡಿಗ್ರಿ ಇಟ್ಟಿದ್ದು ಅಂಕಿ ಸುಲಭ ಅಂತ ಅಷ್ಟೇ. ಡಿಫರೆನ್ಷಿಯೇಟ್ ಮಾಡುವಾಗ ರೇಡಿಯನ್ ಬೇಕು. ಡಿಗ್ರಿಯಲ್ಲೇ ಇಟ್ಟರೆ `π/180` ಅಂತ ಒಂದು ಗುಣಕ ಹೊರಗೆ ಬಂದು ಕೂರುತ್ತೆ. ಅದೂ ಚೈನ್ ರೂಲ್ ಕೆಲಸವೇ. ಇದರ ಬಗ್ಗೆ ನನ್ನದೊಂದು ವಿಡಿಯೋ ಇದೆ. ಹನ್ನೊಂದು ಜನ ನೋಡಿದ್ದಾರೆ, ಅದರಲ್ಲಿ ಒಂದು ನಾನೇ.)

ಹಾಗಾದರೆ ತಪ್ಪು ನಿನ್ನದಾ? ಅರ್ಧ ತಪ್ಪು ಬರವಣಿಗೆಯದು. `sin²x` ಅಂತ ಬರೆದಾಗ ಕೊನೆಗೆ ಮಾಡುವ ಕೆಲಸ ಮಧ್ಯದಲ್ಲಿ ಅಡಗಿ ಕೂತಿರುತ್ತೆ. ಅದನ್ನು `(sin x)²` ಅಂತ ಬರೆದು ನೋಡು. ಸ್ಕ್ವೇರ್ ಹೊರಗೆ ಬಂತು. ಈಗ ಹೇಳು, ಮೊದಲು ಯಾವುದನ್ನು ಡಿಫರೆನ್ಷಿಯೇಟ್ ಮಾಡುತ್ತೀಯ? ಸ್ಕ್ವೇರನ್ನು. `2(sin x)`. ಆಮೇಲೆ ಅದರೊಳಗಿನ `sin x`, ಅದರದ್ದು `cos x`. ಒಟ್ಟು `2 sin x cos x`. ಆದ್ದರಿಂದ ಬ್ರಾಕೆಟ್ ಹಾಕದೆ ಒಂದು ಲೆಕ್ಕವನ್ನೂ ಮುಟ್ಟಬೇಡ.

ಇಲ್ಲಿ ಪತ್ರ ನಿಲ್ಲಿಸುತ್ತೇನೆ. ಕಾಮೆಂಟಣ್ಣ, "ಹೊರಗಿನದು ಇಂಟು ಒಳಗಿನದು" ಅಂದಿರಲ್ಲ, ಹೊರಗಿನದು ಯಾವುದು ಅಂತ ಹೇಳಿದಿರಾ? ಇನ್ನೊಬ್ಬರು ಬಂದಿದ್ದಾರೆ, "ಸರ್, `dy/dx = dy/du · du/dx`, `du` `du` ಹೊಡೆದುಹೋಗುತ್ತೆ, ಸಿಂಪಲ್" ಅಂತೆ. ಆಯ್ತು ಸ್ವಾಮಿ, ಹೊಡೆದುಹಾಕಿ. ಆ `u` ಎಲ್ಲಿಂದ ತಂದಿರಿ? ಆ ಹುಡುಗಿ ಒದ್ದಾಡುತ್ತಿರುವುದೇ ಅಲ್ಲಿ. ಕೊನೆಗೆ ಮಾಡಿದ ಕೆಲಸ ಬಿಟ್ಟು ಉಳಿದದ್ದೆಲ್ಲ `u`. ಇಷ್ಟು ಹೇಳದೆ ಸೂತ್ರ ಕೊಡುವುದು ಬೀಗದ ಕೈ ಕೊಟ್ಟು ಮನೆ ವಿಳಾಸ ಹೇಳದ ಹಾಗೆ.

ಪತ್ರಕ್ಕೆ ಬರೋಣ.

ನಿನ್ನ ನಾಲ್ಕನೇ ಲೆಕ್ಕ, `cos(x³)`. ನೀನು ಬರೆದದ್ದು `−sin(3x²)`. ಹೊರಗಿನದನ್ನೂ ಒಳಗಿನದನ್ನೂ ಒಂದೇ ಏಟಿಗೆ ಬದಲಾಯಿಸಿದ್ದೀಯ. ಕೊನೆಯ ಕೆಲಸ `cos`. ಅದನ್ನು ಡಿಫರೆನ್ಷಿಯೇಟ್ ಮಾಡುವಾಗ ಒಳಗಿನ `x³` ಹಾಗೇ ಇರಬೇಕು, ಮುಟ್ಟಬಾರದು. ಹೆಬ್ಬೆರಳಿನಿಂದ `x³` ಮುಚ್ಚು. ಕಾಣುವುದು `cos(ಹೆಬ್ಬೆರಳು)`. ಅದರದ್ದು `−sin(ಹೆಬ್ಬೆರಳು)`. ಈಗ ಬೆರಳು ತೆಗಿ, `−sin(x³)`. ಬೆರಳಿನ ಕೆಳಗಿದ್ದದ್ದು `x³`, ಅದರದ್ದು `3x²`. ಗುಣಿಸು. `−3x² sin(x³)`.

ಐದನೆಯದರಲ್ಲಿ ಒಳಗಿನದನ್ನು ಗುಣಿಸೋದೇ ಮರೆತಿದ್ದೀಯ. ಇದಕ್ಕೂ ಕಾರಣ ಇದೆ. ಮೊದಲ ಕೆಲವು ವಾರ ನೀನು ಮಾಡಿದ್ದೆಲ್ಲ ಬರೀ `sin x`, ಬರೀ `log x`. ಅಲ್ಲೂ ಒಳಗಿನದನ್ನು ಗುಣಿಸುತ್ತಿದ್ದೆ, ಆದರೆ `x`ನ ಡಿರಿವೇಟಿವ್ 1. ಒಂದರಿಂದ ಗುಣಿಸಿದ್ದು ಯಾರ ಕಣ್ಣಿಗೆ ಕಾಣುತ್ತೆ? ಕೈಗೆ ಅದೇ ರೂಢಿಯಾಯಿತು. ಏಳನೆಯದರಲ್ಲಿ ಉಲ್ಟಾ, ನಿಲ್ಲಿಸೋದೇ ಗೊತ್ತಾಗಿಲ್ಲ. `3x²` ಬಂದ ಮೇಲೆ ಅದನ್ನೂ ಡಿಫರೆನ್ಷಿಯೇಟ್ ಮಾಡಿ `6x` ಗುಣಿಸಿದ್ದೀಯ. ಬೆರಳಿನ ಕೆಳಗೆ ಬರೀ `x` ಉಳಿದರೆ ನಿಲ್ಲಿಸು. ಅಷ್ಟೇ.

ಗುಣಿಸೋದು ಯಾಕೆ, ಕೂಡೋದು ಯಾಕಲ್ಲ ಅಂತ ಹೋದ ಸಲ ನೀನು ಕೇಳಿದ್ದೆ. ಒಂದು ಲೆಕ್ಕ ಕೈಯಾರೆ ಮಾಡೋಣ. `y = (x²+1)³`, `x` ಬೆಲೆ 2. ಒಳಗೆ 5, ಅದರ ಕ್ಯೂಬ್ 125. ಈಗ `x`ನ ಸ್ವಲ್ಪ ಸರಿಸು, 2.01 ಮಾಡು. ಒಳಗಿನದು 5.0401 ಆಯಿತು. ಅಂದರೆ `x` ಸರಿದದ್ದು 0.01, ಒಳಗಿನದು ಸರಿದದ್ದು ಸುಮಾರು ಅದರ 4 ಪಟ್ಟು. ಹೊರಗಿನ ಕ್ಯೂಬ್ 5ರ ಹತ್ತಿರ ಎಷ್ಟು ಪಟ್ಟು ಹಿಗ್ಗಿಸುತ್ತೆ? `3·5²`, ಅಂದರೆ 75. ನಾಲ್ಕು ಪಟ್ಟು ಹಿಗ್ಗಿದ್ದನ್ನೇ ಮತ್ತೆ ಎಪ್ಪತ್ತೈದು ಪಟ್ಟು ಹಿಗ್ಗಿಸಿದರೆ 300 ಪಟ್ಟು. ಕ್ಯಾಲ್ಕುಲೇಟರ್‌ನಲ್ಲಿ 5.0401ರ ಕ್ಯೂಬ್ ಮಾಡು, 128.03 ಚಿಲ್ಲರೆ. 3.03 ಏರಿದೆ. 0.01ರಿಂದ ಭಾಗಿಸು, 303. ಇನ್ನೂ ಕಡಿಮೆ ಸರಿಸಿ 2.001 ಇಟ್ಟರೆ 300.3.

ಇದೇ ನಿನ್ನ ಪರೀಕ್ಷಕ. ಒಳಗಿನದನ್ನು ಗುಣಿಸದೆ ಬಿಟ್ಟಿದ್ದರೆ ನಿನ್ನ ಉತ್ತರ 75. ಒಳಗೂ ಹೊರಗೂ ಒಂದೇ ಏಟಿಗೆ ಮಾಡಿ `3(2x)²` ಬರೆದಿದ್ದರೆ 48. ಎರಡೂ 300ರ ಹತ್ತಿರಕ್ಕೂ ಸುಳಿಯಲ್ಲ. ಉತ್ತರ ಸರಿಯಾ ಅಂತ ನನಗೆ ಫೋಟೋ ಕಳಿಸುವ ಮೊದಲು ಹೀಗೆ ನೋಡಿಕೋ. ಎರಡು ನಿಮಿಷ.

ಅಭ್ಯಾಸ ಹೇಗೆ ಅಂದರೆ, ಮೂರು ದಿನ ಒಂದೂ ಡಿಫರೆನ್ಷಿಯೇಟ್ ಮಾಡಬೇಡ. ಹೌದು, ಮಾಡಲೇಬೇಡ. ಐದನೇ ಅಧ್ಯಾಯದ ಲೆಕ್ಕಗಳನ್ನು ತೆಗೆದು ಪ್ರತಿಯೊಂದರ ಪಕ್ಕ `x`ನಿಂದ ಶುರು ಮಾಡಿ ಕೆಲಸಗಳನ್ನು ಸಾಲಾಗಿ ಬರಿ. `sec(tan √x)` ಇದ್ದರೆ: `x`, ವರ್ಗಮೂಲ, `tan`, `sec`. ಕೊನೆಯದರ ಕೆಳಗೆ ಗೆರೆ ಎಳಿ. ದಿನಕ್ಕೆ ಹದಿನೈದು ಸಾಕು. ಜೋಡಿ ಜೋಡಿಯಾಗಿ ಮಾಡು: `√(sin x)` ಪಕ್ಕದಲ್ಲೇ `sin √x`, `(log x)³` ಪಕ್ಕದಲ್ಲೇ `log(x³)`. ನಾಲ್ಕನೇ ದಿನ ಹೆಬ್ಬೆರಳು. ಬರೆದ ಸಾಲನ್ನು ಹಿಂದಿನಿಂದ ಮುಂದಕ್ಕೆ ಬಿಚ್ಚುತ್ತಾ ಬಾ.

ಮಧ್ಯೆ `x² sin x` ಥರದ್ದು ಸಿಗುತ್ತೆ. ಎರಡು ಫಂಕ್ಷನ್ ಕಂಡ ಕೂಡಲೇ ಚೈನ್ ರೂಲ್ ಅಂತ ಹಾರಬೇಡ. ಕೊನೆಗೆ ಮಾಡಿದ್ದೇನು? ಗುಣಾಕಾರ. ಹಾಗಾದರೆ ಅದು ಪ್ರಾಡಕ್ಟ್ ರೂಲ್. ಯಾವ ರೂಲ್ ಅನ್ನೋದನ್ನೂ ಆ ಒಂದೇ ಪ್ರಶ್ನೆ ಹೇಳುತ್ತೆ.

ಪತ್ರ ಇಲ್ಲಿಗೆ ಮುಗಿಯಿತು. ಕೆಳಗೆ "ಫೀಸ್ ಹೋದ ತಿಂಗಳದ್ದು ಬಾಕಿ ಇದೆ" ಅಂತಲೂ ಬರೆದಿದ್ದೆ, ಹೊಡೆದುಹಾಕಿದೆ. ಒಳ್ಳೆ ಹುಡುಗಿ.

ಈಗ ನಿಮ್ಮ ಕಡೆ. "ಸರ್, ಮೂರು ದಿನ ಲೆಕ್ಕ ಮಾಡದೆ ಕೂತರೆ ಪೋರ್ಷನ್ ಮುಗಿಯುತ್ತಾ?" ಅಂತ ಯಾರಾದರೂ ಬರೆಯುತ್ತೀರಿ, ಗೊತ್ತು. ಹತ್ತರಲ್ಲಿ ಏಳು ತಪ್ಪು ಮಾಡಿಕೊಂಡು ಪೋರ್ಷನ್ ಮುಗಿಸಿ ಏನು ಆರತಿ ಎತ್ತಬೇಕಾ? "ಜಾಣರಿಗೆ ಇದೆಲ್ಲ ಬೇಡ ಸರ್." ಅಯ್ಯೋ, 1676ರಲ್ಲಿ ಕ್ಯಾಲ್ಕುಲಸ್ ಕಂಡುಹಿಡಿದವರಲ್ಲಿ ಒಬ್ಬರಾದ ಲೈಬ್ನಿಟ್ಸ್ ಮಹಾಶಯರು ಇದೇ ರೂಲ್ ಹಿಡಿದು ಒಂದು ವರ್ಗಮೂಲದ ಲೆಕ್ಕ ಮಾಡಿದಾಗ ಪ್ಲಸ್ ಮೈನಸ್ ಚಿಹ್ನೆ ತಪ್ಪಿದ್ದರು. ಅವರಿಗಿಂತ ಜಾಣರಾ ನೀವು? ಇದ್ದರೆ ಬನ್ನಿ, ನನ್ನ ಭಾನುವಾರದ ಬ್ಯಾಚ್‌ನಲ್ಲಿ ಎರಡು ಸೀಟು ಖಾಲಿ ಇದೆ. ಕಾಫಿ ಫ್ರೀ. ಫಿಲ್ಟರ್ ಕಾಫಿ.

ಕೊನೆಗೆ ಮಾಡಿದ್ದೇನು, ಕೊನೆಗೆ ಮಾಡಿದ್ದೇನು, ಕೊನೆಗೆ ಮಾಡಿದ್ದೇನು! ಬೋರ್ಡ್ ಮೇಲೆ ಬರೆಸಿ ಇಡುತ್ತೇನೆ. ಮನೆಯಲ್ಲಿ ಹೆಂಡತಿ ಕೂಡ ಶುರು ಮಾಡಿದ್ದಾಳೆ. ಸಾರು ಉಪ್ಪಾಗಿದೆ ಅಂದೆ, "ಕೊನೆಗೆ ಹಾಕಿದ್ದು ನೀವೇ ಅಲ್ವಾ" ಅಂದಳು. ಹೌದು, ನಾನೇ.

ಕಾಮೆಂಟಣ್ಣ, ನಿಮಗೊಂದು ಲೆಕ್ಕ. `cos(x³) · sin²(x⁵)`. ಡಿಫರೆನ್ಷಿಯೇಟ್ ಮಾಡೋದು ಬೇಡ. ಕೊನೆಗೆ ಮಾಡಿದ್ದೇನು ಅಂತ ಒಂದೇ ಪದದಲ್ಲಿ ಬರೆಯಿರಿ. ಲೈಕು ನಾನೇ ಕೊಡುತ್ತೇನೆ, ನಲವತ್ತೊಂದನೆಯದು. ಕರೆಂಟ್ ಹೋಯಿತು, ಫ್ಯಾನ್ ನಿಂತಿದೆ, ಇಂಟಿಗ್ರೇಷನ್ ಗುರುವಾರ.