ಅವರ ಹಳೇ ಶರ್ಟು, ಅತ್ತೆ ಸೀರೆ, ನಾಲ್ಕು ವೀಕೆಂಡು: ಒಂದು ಪುಟ್ಟ ಕೌದಿ

ಎಲ್ಲರಿಗೂ ನಮಸ್ಕಾರ. ಬಾಡಿಗೆ ಕಟ್ಟಿ, ಇಎಂಐ ಹೋಗಿ, ಕೈಯಲ್ಲಿ ಉಳಿಯೋದು ತರಕಾರಿ ದುಡ್ಡು ಮಾತ್ರ, ಆದ್ರೆ ಗಂಡಂಗೋ ಹೆಂಡ್ತಿಗೋ ಏನಾದ್ರೂ ಕೊಡ್ಲೇಬೇಕು, ಮುಂದಿನ ತಿಂಗಳ ಶನಿವಾರ ಭಾನುವಾರ ಹೇಗೂ ಖಾಲಿ ಇದೆ ಅನ್ನೋರಿಗೆ ಈ ವಿಡಿಯೋ. ಕೈಯಲ್ಲೇ ಮಾಡಿದ ಗಿಫ್ಟ್ ಅಂದ ತಕ್ಷಣ ಎಲ್ರೂ ಫೋಟೋ ಬಾಕ್ಸು, ಕಾರ್ಡು, ಕ್ಯಾಂಡಲ್ ಅಂತ ಶುರು ಮಾಡ್ತಾರೆ, ಆಮೇಲೆ ಗ್ಲೂ ಗನ್ನು, ಚಾರ್ಟು, ಮೇಣ, ರಿಬ್ಬನ್ನು ಅಂತ ಕೊಂಡು ಕೊಂಡು ಅಂಗಡಿ ಗಿಫ್ಟಿನಷ್ಟೇ ಖರ್ಚಾಗಿರುತ್ತೆ. ಅದಕ್ಕೇ ನಾನು ಹೇಳೋದು, ಸಾಮಾನು ಮನೆಯಲ್ಲೇ ಇರ್ಬೇಕು, ಖರ್ಚಾಗೋದು ನಮ್ಮ ಗಂಟೆಗಳು ಮಾತ್ರ ಆಗಿರ್ಬೇಕು. ಈ ಲೆಕ್ಕಕ್ಕೆ ಕೌದಿಗಿಂತ ಚೆನ್ನಾಗಿ ಕೂರೋದು ನಂಗಂತೂ ಬೇರೆ ಕಾಣಲ್ಲ.

ನಮ್ಮವರ ಊರು ಗದಗ ಕಡೆ. ಅಲ್ಲಿ ಹಳೇ ಕಾಟನ್ ಸೀರೆಗಳನ್ನ ಪದರ ಪದರ ಹಾಸಿ, ಮೇಲೆ ಬಟ್ಟೆ ತುಂಡು ಇಟ್ಟು, ಕೈಯಲ್ಲೇ ಸಾಲುಸಾಲಾಗಿ ಹೊಲಿದು ಹೊದಿಯೋಕೆ ಮಾಡ್ಕೋತಾರೆ, ಅದೇ ಕೌದಿ. ಬೆಂಗಳೂರಲ್ಲಿ ಬೆಳೆದ ನಂಗೆ ಇದನ್ನ ಹೇಳಿಕೊಟ್ಟಿದ್ದು ನಮ್ಮತ್ತೆ, ಅದೂ ವಿಡಿಯೋ ಕಾಲಲ್ಲಿ, ಮಗನಿಗೆ ಗೊತ್ತಾಗ್ದೇ ಇರ್ಲಿ ಅಂತ ಮಧ್ಯಾಹ್ನ ಹೊತ್ತಲ್ಲಿ. ಮೇಲಿನ ತುಂಡುಗಳು ನಮ್ಮವರ ಹಳೇ ಶರ್ಟುಗಳು, ಒಳಗಿನದು ಅತ್ತೆಯ ಹಳೇ ಸೀರೆ. ಅತ್ತೆ ಕೊರಿಯರಲ್ಲಿ ಕಳಿಸಿಕೊಟ್ರು.

ಮೊದಲು ಅಳತೆ ಫಿಕ್ಸ್ ಮಾಡ್ಕೊಳ್ಳಿ, ಯಾಕಂದ್ರೆ ಕೌದಿ ಅರ್ಧಕ್ಕೇ ನಿಲ್ಲೋದು ಇಲ್ಲೇ. ಒಂದು ಅಡಿ ಸಾಲು ಹೊಲಿಯೋಕೆ ಎಷ್ಟು ಹೊತ್ತು ಬೇಕು ಅಂತ ಫೋನಲ್ಲಿ ಟೈಮರ್ ಇಟ್ಟು ನೋಡಿ, ಹೊಸಬರಿಗೆ ಹೆಚ್ಚೂಕಡಿಮೆ 5 ನಿಮಿಷ ಹಿಡಿಯುತ್ತೆ. ನಾನು ತಗೊಂಡ ಅಳತೆ 36 ಇಂಚು ಅಗಲ, 42 ಇಂಚು ಉದ್ದ, ಸೋಫಾ ಮೇಲೆ ಕೂತು ಕಾಲಿಗೆ ಹೊದ್ಕೊಳ್ಳೋಷ್ಟು. ಸಾಲಿಂದ ಸಾಲಿಗೆ ಮುಕ್ಕಾಲು ಇಂಚು ಬಿಟ್ರೆ ಒಟ್ಟು 168 ಅಡಿ ಹೊಲಿಗೆ, ಅಂದ್ರೆ ಸುಮಾರು 14 ಗಂಟೆ. ಕಟ್ ಮಾಡೋಕೆ, ಹಾಸೋಕೆ ಇನ್ನೊಂದು 4 ಗಂಟೆ ಸೇರಿಸಿದ್ರೆ ನಾಲ್ಕು ವೀಕೆಂಡಿಗೆ ಆರಾಮಾಗಿ ಮುಗಿಯುತ್ತೆ. ಅದೇ ಸಿಂಗಲ್ ಮಂಚದ ಅಳತೆ, 60ಕ್ಕೆ 90 ಇಂಚು ಅಂದ್ಕೊಳ್ಳಿ, ಹೊಲಿಗೆಗೇ 50 ಗಂಟೆ ಆಗುತ್ತೆ, ಅದು ಈ ವರ್ಷದ ಆನಿವರ್ಸರಿಗೆ ಮುಗಿಯಲ್ಲ. ಚಿಕ್ಕದೇ ಮಾಡಿ.

ಈಗ ಬಟ್ಟೆ. ಎಲ್ಲಾ ಕಾಟನ್ನೇ ಇರ್ಬೇಕು. ಪಾಲಿಸ್ಟರ್ ಪಕ್ಕದಲ್ಲಿ ಕಾಟನ್ ಇಟ್ರೆ ಒಂದು ಜಾರುತ್ತೆ, ಒಂದು ಕುಗ್ಗುತ್ತೆ, ಒಗೆದ ಮೇಲೆ ಅಲ್ಲಲ್ಲಿ ಉಬ್ಬಿಕೊಳ್ಳುತ್ತೆ. ಡೌಟ್ ಇದ್ರೆ ಅಂಚಿಂದ ಎರಡು ಎಳೆ ಕಿತ್ತು ಸಿಂಕ್ ಮೇಲೆ ಹಿಡಿದು ಬೆಂಕಿ ತಾಗಿಸಿ, ಕಾಟನ್ ಆದ್ರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಆಗುತ್ತೆ, ಪಾಲಿಸ್ಟರ್ ಕರಗಿ ಗಟ್ಟಿ ಗುಂಡು ಆಗುತ್ತೆ, ಅದನ್ನ ಬಿಸಿ ಇರುವಾಗ ಮುಟ್ಬೇಡಿ. ಟೀ ಶರ್ಟ್ ಬೇಡ, ಹಿಗ್ಗುತ್ತೆ. ಜೀನ್ಸ್ ಬೇಡ, ಸೂಜಿ ಹೋಗಲ್ಲ. ಸೀರೆ ತುಂಬಾ ಜೀರ್ಣ ಆಗಿದ್ರೂ ಕಷ್ಟ, ಎರಡು ಹೆಬ್ಬೆರಳಲ್ಲಿ ಹಿಡಿದು ಎಳೆದು ನೋಡಿ, ಚರ್ ಅಂದ್ರೆ ಆ ಭಾಗ ಬಿಟ್ಬಿಡಿ. ಹೊಸ ಬಟ್ಟೆ ಏನಾದ್ರೂ ಸೇರಿಸೋದಾದ್ರೆ ಮೊದಲೇ ಒಗೆದು ಕುಗ್ಗಿಸ್ಕೊಳ್ಳಿ, ಮತ್ತೆ ಕೆಂಪು, ಕಡುನೀಲಿ ಇದ್ರೆ ಒದ್ದೆ ಬಿಳಿ ಕರ್ಚೀಫಲ್ಲಿ ಉಜ್ಜಿ ಬಣ್ಣ ಬಿಡುತ್ತಾ ನೋಡಿ, ಒಂದು ತುಂಡು ಬಣ್ಣ ಬಿಟ್ರೆ ಪೂರ್ತಿ ಕೌದಿ ಹಾಳು.

ಮೂರು ಕಾಟನ್ ಶರ್ಟು ಸಾಕು. ಕೇಳ್ದೇ ಕಬೋರ್ಡಿಂದ ಎತ್ಕೊಂಡು ಕತ್ತರಿ ಹಾಕ್ಬೇಡಿ ಪ್ಲೀಸ್, ಯಾವ ಶರ್ಟಿನ ಮೇಲೆ ಯಾರಿಗೆ ಪ್ರಾಣ ಇರುತ್ತೋ ಗೊತ್ತಿರಲ್ಲ, ಒರೆಸೋ ಬಟ್ಟೆಗೆ ಅಂತ ಅವರೇ ತೆಗೆದಿಟ್ಟಿದ್ದನ್ನ ಮಾತ್ರ ತಗೊಳ್ಳಿ. ಕಾಲರು, ಕಫ್ಫು, ಗುಂಡಿ ಪಟ್ಟಿ ದಪ್ಪ, ಅದು ಬೇಡ. ಕಂಕುಳ ಹತ್ರ ಬಟ್ಟೆ ಸವೆದಿರುತ್ತೆ, ಅದೂ ಬೇಡ. ಬೆನ್ನಿನ ಭಾಗ ಅಗಲವಾಗಿ ಸಿಗುತ್ತೆ, ಆಮೇಲೆ ತೋಳು, ಮುಂಭಾಗ. 6 ಇಂಚಿಗೆ 8 ಇಂಚಿನ ಆಸುಪಾಸು ತುಂಡು ಮಾಡಿ, ಎಲ್ಲಾ ಒಂದೇ ಸಮ ಇರ್ಬೇಕು ಅಂತೇನಿಲ್ಲ. ಎದೆ ಜೇಬನ್ನ ಮಾತ್ರ ಹೊಲಿಗೆ ಬಿಚ್ಚಿ ಹುಷಾರಾಗಿ ಎತ್ತಿಟ್ಕೊಳ್ಳಿ, ಅದಕ್ಕೆ ಕೊನೇಲಿ ಕೆಲಸ ಇದೆ.

ಕೊಂಡುಕೊಳ್ಳೋದು ಸೂಜಿ, ದಾರ ಅಷ್ಟೇ. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ರಾಜಾ ಮಾರ್ಕೆಟ್ ಕಡೆ ಹೋದ್ರೆ ಬಣ್ಣ ತುಂಬಾ ಸಿಗುತ್ತೆ, ಆದ್ರೆ ಇಷ್ಟಕ್ಕೆ ನಿಮ್ಮ ಏರಿಯಾದ ಮ್ಯಾಚಿಂಗ್ ಸೆಂಟರೇ ಸಾಕು. ಮಾಮೂಲಿ ಮಿಷಿನ್ ದಾರ ತೆಳು, ಬೇಗ ಕಿತ್ತು ಹೋಗುತ್ತೆ. ಎಂಬ್ರಾಯ್ಡರಿ ಕಾಟನ್ ದಾರದ ಲಚ್ಚಿ ತಗೊಳ್ಳಿ, 8 ಮೀಟರ್ ಇರುತ್ತೆ, ಆರೆಳೆ. ಅದನ್ನ ಮೂರು ಮೂರು ಎಳೆ ಮಾಡಿದ್ರೆ ಆರು ಲಚ್ಚಿಯಲ್ಲಿ ಈ ಕೌದಿ ಮುಗಿಯುತ್ತೆ. ಸೂಜಿ ಕಣ್ಣು ಉದ್ದ ಇರೋದು, ಮೊನೆ ಚೂಪಿರೋದು ನೋಡಿ ತಗೊಳ್ಳಿ. ಮೂಟೆ ಹೊಲಿಯೋ ದಬ್ಬಣ ತರ್ಬೇಡಿ, ತೂತು ಹಾಗೇ ಉಳ್ಕೊಳ್ಳುತ್ತೆ. ನಡು ಬೆರಳಿಗೆ ತಗಡಿನ ಥಿಂಬಲ್ ಒಂದಿರ್ಲಿ, ಇಲ್ಲಾಂದ್ರೆ ಎರಡನೇ ದಿನಕ್ಕೇ ಬೆರಳು ನೋಯುತ್ತೆ.

ಹಾಸೋದು ಹೇಗೆ ನೋಡಿ. ಸೀರೆ ಐದೂವರೆ ಮೀಟರ್ ಇರುತ್ತೆ, ನಮಗೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಾಕು. ಸೀರೆಯ ಪೂರ್ತಿ ಅಗಲ, ಅಂದ್ರೆ 45 ಇಂಚಿನ ಹತ್ರ, ಅದು ಕೌದಿಯ ಉದ್ದ ಆಗುತ್ತೆ. 40 ಇಂಚಿನ ಒಂದು ತುಂಡು ಅಡಿ ಪದರಕ್ಕೆ. 36ಕ್ಕೆ 42 ಇಂಚಿನ ಎರಡು ತುಂಡು ನಡುವಿಗೆ. ಅಡಿ ಪದರವನ್ನ ಮೊಗಚಿ ನೆಲದ ಮೇಲೆ ಹಾಸಿ ನಾಲ್ಕೂ ಕಡೆ ಟೇಪ್ ಅಂಟಿಸಿ, ನಡು ಪದರ ಎರಡನ್ನೂ ಮೇಲೆ ಹಾಸಿ, ನಡುವಿಂದ ಅಂಚಿಗೆ ಅಂಗೈಯಲ್ಲಿ ಸವರಿ, ಅದೇ ದಿಕ್ಕಲ್ಲಿ ಗೇಣುದ್ದಕ್ಕೊಂದರಂತೆ ಕಚ್ಚಾ ಹೊಲಿಗೆ ಹಾಕಿ. ಇದನ್ನ ಸ್ಕಿಪ್ ಮಾಡಿದ್ರೆ ಒಳಗಿನ ಪದರ ಮುದ್ದೆ ಆಗುತ್ತೆ, ಆಮೇಲೆ ಸರಿ ಮಾಡೋಕೆ ಆಗಲ್ಲ.

ಶರ್ಟು ತುಂಡುಗಳನ್ನ ಮೊದಲೇ ಒಂದಕ್ಕೊಂದು ಜೋಡಿಸಿ ಹೊಲಿಯೋ ಕೆಲಸ ಇಲ್ಲ, ನಂಗೆ ಕೌದಿಯಲ್ಲಿ ತುಂಬಾ ಇಷ್ಟ ಆಗೋದು ಇದೇ. ಅಂಚಲ್ಲಿ ಮೊದಲ ಸುತ್ತು ತುಂಡುಗಳನ್ನ ಇಡಿ, ಉಳಿದಿರೋ ಅಡಿ ಪದರದ ಅಂಚನ್ನ ಒಳಮಡಚಿ ಅವುಗಳ ಮೇಲೆ ತನ್ನಿ, ಗುಂಡುಪಿನ್ ಹಾಕಿ, ಅಂಚಿನ ಪಕ್ಕದಲ್ಲೇ ಹೊಲಿಯೋಕೆ ಶುರು ಮಾಡಿ ನಾಲ್ಕೂ ಬದಿ ಸುತ್ತಿ ಬನ್ನಿ. ಆಮೇಲೆ ಮುಕ್ಕಾಲು ಇಂಚು ಒಳಗೆ ಇನ್ನೊಂದು ಸುತ್ತು. ತುಂಡು ಮುಗಿಯೋ ಕಡೆ ಮುಂದಿನ ತುಂಡನ್ನ ಅರ್ಧ ಇಂಚು ಮಡಚಿ, ಒಂದಿಂಚು ಮೇಲೆ ಬರೋ ಹಾಗೆ ಇಡಿ, ಸಾಲು ಎರಡರ ಮೇಲೂ ಹಾದು ಹೋಗುತ್ತೆ. ಹೀಗೇ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರೋದು. ಮೂಲೆ ಬಂದಾಗ ಸೂಜಿ ಅಲ್ಲೇ ನಿಲ್ಲಿಸಿ ಕೌದಿಯನ್ನೇ ತಿರುಗಿಸ್ಕೊಳ್ಳಿ.

ಹೊಲಿಗೆ ಒಂದೊಂದೂ ಅಕ್ಕಿ ಕಾಳಿನಷ್ಟು ಇರ್ಲಿ. ದಾರ ಒಂದೂವರೆ ಮೊಳಕ್ಕಿಂತ ಉದ್ದ ಬೇಡ, ಸಿಕ್ಕಾಗುತ್ತೆ, ಮತ್ತೆ ಬಟ್ಟೆಯಲ್ಲಿ ಹಾದೂ ಹಾದೂ ಸವೆದು ಕಿತ್ತು ಬರುತ್ತೆ. ಗಂಟು ಪದರದ ಒಳಗೆ ಹೋಗ್ಲಿ, ದಾರ ಮುಗಿಯುವಾಗ ಬಂದ ದಾರಿಯಲ್ಲೇ ಎರಡು ಹೊಲಿಗೆ ಹಿಂದೆ ಹಾಕಿ ಕತ್ತರಿಸಿ. ಎಲ್ಲಕ್ಕಿಂತ ಮುಖ್ಯ ಬಿಗಿ. ನಾನು ಹೊಲಿಯೋದನ್ನ ನೋಡ್ತಾ ಅತ್ತೆ ಹೇಳ್ತಾನೇ ಇದ್ರು, "ಬಿಗಿ ಎಳಿಬ್ಯಾಡವಾ, ಅರಬಿ ಉಸಿರಾಡ್ಲಿ." ಅವರ ಕಡೆ ಬಟ್ಟೆಗೆ ಅರಬಿ ಅಂತಾರೆ. ಬಿಗಿ ಆದ್ರೆ ಗೊತ್ತಾಗೋದು ಹೇಗೆ ಅಂದ್ರೆ, ಹೊಲಿದಷ್ಟನ್ನ ನೆಲಕ್ಕೆ ಹಾಸಿ ನೋಡಿ, ಮೂಲೆ ಮೇಲೆ ಏಳ್ತಾ ಇದ್ರೆ, ಅಥವಾ ಟೇಪು ಹಿಡಿದಾಗ 42 ಇದ್ದಿದ್ದು 40ಕ್ಕೆ ಬಂದಿದ್ರೆ ದಾರ ಬಿಗಿಯಾಗಿದೆ ಅಂತ. ಕಚ್ಚಾ ಹೊಲಿಗೆ ಸಾಲು ದಾಟಿದಾಗೆಲ್ಲಾ ಹೊಲಿದ ಜಾಗವನ್ನ ಎರಡೂ ಕೈಯಲ್ಲಿ ಮೆಲ್ಲಗೆ ಎಳೆದು ಸುಕ್ಕು ಬಿಡಿಸ್ಕೊಂಡು ಮುಂದೆ ಹೋಗಿ. ಹಾಗೇ ಆಗಾಗ ಮೊಗಚಿ ನೋಡಿ, ಹಿಂದೆ ದಾರ ಕಾಣ್ದೇ ಇದ್ರೆ ಸೂಜಿ ಅಡಿ ಪದರ ಹಿಡಿದಿಲ್ಲ ಅಂತ, ಅಲ್ಲಿಗೆ ಬಿಚ್ಚಿ ಮತ್ತೆ ಹೊಲಿಯಿರಿ.

ಇನ್ನೊಂದು ಪದರ ಹಾಕಿದ್ರೆ ಬೆಚ್ಚಗಿರುತ್ತಲ್ಲ ಅಂತ ಅನ್ಸುತ್ತೆ, ಆದ್ರೆ ಕೈ ಸೋಲುತ್ತೆ, ಮತ್ತೆ ನಮ್ಮ ಬೆಂಗಳೂರು ಜುಲೈ ಜಡಿ ಮಳೆಯಲ್ಲಿ ಅಪಾರ್ಟ್‌ಮೆಂಟ್ ಬಾಲ್ಕನಿಯಲ್ಲಿ ದಪ್ಪ ಕೌದಿ ಎರಡು ದಿನ ಆದ್ರೂ ಒಣಗಲ್ಲ, ಮುಗ್ಗಲು ವಾಸನೆ ಹಿಡಿಯುತ್ತೆ. ಮೇಲಿನ ತುಂಡೂ ಸೇರಿ ನಾಲ್ಕು ಪದರಕ್ಕೇ ನಿಲ್ಲಿಸಿ.

ಮೂಲೆಗಳಿಗೆ ಏನಾದ್ರೂ ಬೇಕು ಅನ್ಸಿದ್ರೆ, ಯಲ್ಲಾಪುರ, ಹಳಿಯಾಳ ಕಡೆ ಸಿದ್ದಿ ಹೆಂಗಸರು ಮಾಡೋ ಕೌದಿ ನೋಡಿ. ಅವರು ನಾಲ್ಕು ಮೂಲೆಯಲ್ಲೂ ಬಟ್ಟೆ ಮಡಚಿ ಮಾಡಿದ ತ್ರಿಕೋನ ಇಟ್ಟು ಹೊಲಿತಾರೆ, ಅದಕ್ಕೆ ಫುಲಾ ಅಂತಾರೆ, ಅದಿಲ್ದೇ ಕೌದಿ ಮುಗೀತು ಅಂತ ಒಪ್ಪಲ್ಲ. 3 ಇಂಚಿನ ಚೌಕದ ತುಂಡನ್ನ ಕರ್ಣಕ್ಕೆ ಎರಡು ಸಲ ಮಡಚಿದ್ರೆ ತ್ರಿಕೋನ ರೆಡಿ. ಅದನ್ನ ಮೊದಲ ಸುತ್ತಿಗೆ ಮುಂಚೆನೇ ಮೂಲೆಯಲ್ಲಿ ಅಂಚಿನ ಮಡಿಕೆ ಒಳಗೆ ಸಿಕ್ಕಿಸ್ಬೇಕು. ನಾನು ನಮ್ಮವರ ಸ್ಕೂಲ್ ದಿನಗಳ ಚೌಕಳಿ ಶರ್ಟಿಂದ ಮಾಡಿ ಇಟ್ಟೆ, ಅತ್ತೆ ಇಷ್ಟು ವರ್ಷ ಜೋಪಾನ ಮಾಡಿದ್ರು.

ಈಗ ಆ ಜೇಬು. ಪೂರ್ತಿ ಹೊಲಿಗೆ ಮುಗಿದ ಮೇಲೆ ಒಂದು ಮೂಲೆ ಹತ್ರ, ಕೂತಾಗ ಬಲಗೈಗೆ ಸಿಗೋ ಕಡೆ, ಮೂರು ಬದಿ ಸಣ್ಣ ಹೊಲಿಗೆ ಹಾಕಿ ಕೂರಿಸಿ, ಬಾಯಿ ತೆರೆದೇ ಇರ್ಲಿ. ಮೊದಲೇ ಕೂರಿಸಿದ್ರೆ ಸಾಲು ಅದರ ಮೇಲೂ ಹಾದು ಜೇಬು ಮುಚ್ಚಿ ಹೋಗುತ್ತೆ. ಬಾಯಿಯ ಎರಡು ತುದಿಗೆ ನಾಲ್ಕು ನಾಲ್ಕು ಹೊಲಿಗೆ ಜಾಸ್ತಿ ಹಾಕಿ, ಕಿತ್ತು ಬರೋದು ಅಲ್ಲಿಂದಲೇ. ನಮ್ಮವರಿಗೆ ಟಿವಿ ನೋಡ್ತಾ ಕನ್ನಡಕ ತೆಗೆದು ಎಲ್ಲೋ ಇಟ್ಟು ಹುಡುಕೋ ಅಭ್ಯಾಸ, ಈ ಜೇಬು ಅದಕ್ಕೇ.

ಕೊಡೋಕೆ ಮುಂಚೆ ಕಚ್ಚಾ ಹೊಲಿಗೆ ಎಲ್ಲಾ ಕಿತ್ತು, ಗುಂಡುಪಿನ್ ಒಂದೂ ಒಳಗೆ ಉಳಿದಿಲ್ಲ ಅಂತ ಅಂಗೈ ಆಡಿಸಿ ಖಾತ್ರಿ ಮಾಡ್ಕೊಂಡು, ತಣ್ಣೀರಲ್ಲಿ ಬೇರೆ ಬಟ್ಟೆ ಜೊತೆ ಸೇರಿಸ್ದೇ ಒಗೆದು, ಹಿಂಡದೇ ನೆರಳಲ್ಲಿ ಹರಡಿ. ಒಂದು ಸಲ ಒಗೆದ ಮೇಲೇನೇ ಸಾಲುಗಳ ಮಧ್ಯೆ ಸಣ್ಣ ಅಲೆ ಎದ್ದು ಕೌದಿ ಮೆತ್ತಗಾಗೋದು. ಭಾನುವಾರ ಕೊಡೋದಿದ್ರೆ ಗುರುವಾರವೇ ಒಗೆದು ಹಾಕ್ಬಿಡಿ, ಮಳೆ ಬಂದ್ರೂ ಟೈಮ್ ಇರುತ್ತೆ.