ಗಣಿತದಲ್ಲಿ ಶೇಕಡಾ 62 ಸರಿ, ಉಳಿದ ಹದಿನಾರು ಮಕ್ಕಳು ಯಾರು?

ನಮಸ್ಕಾರ. ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ ಮುಗಿದ ಮೇಲೆ ಶಾಲೆಯಲ್ಲಿ ಒಂದು ಮೀಟಿಂಗ್ ಆಗುತ್ತದೆ, ಅಲ್ವಾ? ಕನ್ನಡ ಇಷ್ಟು, ಇಂಗ್ಲಿಷ್ ಇಷ್ಟು ಅಂತ ಒಬ್ಬೊಬ್ಬರೇ ಶೇಕಡಾವಾರು ಓದುತ್ತಾರೆ. ಗಣಿತದ ಮೇಷ್ಟ್ರಿಗೆ ಬೈಗುಳ, ಎಲ್ಲರಿಗೂ ಸ್ಪೆಷಲ್ ಕ್ಲಾಸ್, ಮೀಟಿಂಗ್ ಮುಗೀತು. ನಾನೂ ವರ್ಷಗಟ್ಟಲೆ ಹೀಗೇ ಮಾಡಿದೆ. ಅದರಿಂದ ಮಕ್ಕಳಿಗೆ ಏನೂ ಸಿಗುವುದಿಲ್ಲ ಅಂತ ಈಗ ಗಟ್ಟಿಯಾಗಿ ಹೇಳುತ್ತೇನೆ.

ನನ್ನ ತರಗತಿಯನ್ನೇ ತೆಗೆದುಕೊಳ್ಳಿ. 42 ಮಕ್ಕಳು, ಆರು ವಿಷಯ. ಕನ್ನಡ ಪ್ರಥಮ ಭಾಷೆ, ಲಿಖಿತ ಪರೀಕ್ಷೆ 100ಕ್ಕೆ, ಪಾಸಿಗೆ 35. ಉಳಿದ ಐದೂ 80ಕ್ಕೆ, ಪಾಸಿಗೆ 28 ಅಂತ ಇಟ್ಟುಕೊಂಡಿದ್ದೆವು. ಗಣಿತದಲ್ಲಿ 26 ಮಕ್ಕಳು ಪಾಸ್. ಹಾಗಾದರೆ ಶೇಕಡಾ ಎಷ್ಟು? ಇಬ್ಬರು ಗೈರು. ಪರೀಕ್ಷೆ ಬರೆದ 40 ಮಕ್ಕಳಿಂದ ಭಾಗಿಸಿದರೆ 65, ಹಾಜರಿ ಪುಸ್ತಕದಲ್ಲಿರುವ 42ರಿಂದ ಭಾಗಿಸಿದರೆ 62. ವರದಿಗೆ ಎಲ್ಲರೂ 65 ಬರೆಯುತ್ತಾರೆ. ಆದರೆ ಗಣಿತದ ದಿನವೇ ಶಾಲೆಗೆ ಬಾರದ ಆ ಇಬ್ಬರನ್ನು ಲೆಕ್ಕದಿಂದ ಬಿಟ್ಟರೆ, ಎಲ್ಲರಿಗಿಂತ ಮೊದಲು ಹುಡುಕಬೇಕಾದವರನ್ನೇ ಬಿಟ್ಟ ಹಾಗಾಯಿತು.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ನಾವು ಕಾಲಂ ಕಾಲಂ ಆಗಿ ಮೇಲಿಂದ ಕೆಳಗೆ ಎಣಿಸುತ್ತೇವೆ, ಒಂದೊಂದು ಮಗುವಿನ ಸಾಲನ್ನು ಅಡ್ಡಕ್ಕೆ ಎಣಿಸುವುದೇ ಇಲ್ಲ. ಎಕ್ಸೆಲ್ ಹಾಳೆಯ B ಕಾಲಂನಲ್ಲಿ ಕನ್ನಡ, C ಇಂದ G ವರೆಗೆ ಉಳಿದ ಐದು ವಿಷಯ ಇದ್ದರೆ, H2ರಲ್ಲಿ ಇದನ್ನು ಹಾಕಿ ಕೆಳಗೆ ಎಳೆಯಿರಿ, ಪ್ರತಿ ಮಗು ಎಷ್ಟು ವಿಷಯದಲ್ಲಿ ಪಾಸಾಗಿಲ್ಲ ಅಂತ ಬರುತ್ತದೆ:

```
=6-COUNTIF(B2,">=35")-COUNTIF(C2:G2,">=28")
```

ಫೇಲಾದದ್ದನ್ನು ನೇರವಾಗಿ ಯಾಕೆ ಎಣಿಸಲಿಲ್ಲ ಅಂದರೆ, ಗೈರು ಅಂತ `AB` ಹಾಕಿರುತ್ತೇವಲ್ಲ, `"<28"` ಅಂತ ಕೇಳಿದರೆ ಎಕ್ಸೆಲ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆರೂ ದಿನ ಬಾರದ ಮಗುವಿನ ಮುಂದೆ ಸೊನ್ನೆ ಫೇಲ್ ಅಂತ ಬರುತ್ತದೆ! ಪಾಸಾದದ್ದನ್ನು ಎಣಿಸಿ ಆರರಿಂದ ಕಳೆದರೆ ಈ ತೊಂದರೆ ಇಲ್ಲ.

H ಕಾಲಂ ನೋಡಿದಾಗ ನನಗೆ ನಿಜವಾಗಿ ಕಣ್ಣು ತೆರೆಯಿತು. ಕನ್ನಡದಲ್ಲಿ 39 ಮಕ್ಕಳು ಪಾಸ್, ಗಣಿತದಲ್ಲಿ 26, ಆದರೆ ಆರೂ ವಿಷಯ ಪಾಸಾದವರು ಬರೀ 21, ಅಂದರೆ ಅರ್ಧ ತರಗತಿ. ಉಳಿದ 21ರಲ್ಲಿ ಹನ್ನೊಂದು ಮಕ್ಕಳು ಒಂದೇ ಒಂದು ವಿಷಯದಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ, ಅವರಲ್ಲಿ ಎಂಟು ಮಂದಿಗೆ ಅದು ಗಣಿತ. ಈ ಎಂಟು ಮಕ್ಕಳನ್ನು ಸಂಜೆ ಐದರವರೆಗೆ ಸಮಾಜ ವಿಜ್ಞಾನದ ಸ್ಪೆಷಲ್ ಕ್ಲಾಸಲ್ಲಿ ಯಾಕೆ ಕೂರಿಸಬೇಕು? ಉಳಿದ ಹತ್ತು ಮಕ್ಕಳು ಎರಡು, ಮೂರು, ನಾಲ್ಕು ವಿಷಯಗಳಲ್ಲಿ ಹಿಂದಿದ್ದಾರೆ. ಅವರಲ್ಲಿ ಕೆಲವರಿಗೆ ಪ್ರಶ್ನೆಯನ್ನು ಓದುವುದೇ ಕಷ್ಟ. ಈ ಎರಡೂ ಗುಂಪಿಗೆ ಒಂದೇ ಕ್ಲಾಸ್ ಮಾಡಿದರೆ ಇಬ್ಬರಿಗೂ ಅನ್ಯಾಯ.

ಇನ್ನೊಂದು ಮಾತು, ಸಹೋದ್ಯೋಗಿಗಳಿಗೆ ಸಿಟ್ಟು ಬಂದರೂ ಪರವಾಗಿಲ್ಲ. ನಮ್ಮ ಗಣಿತದ ಪಟ್ಟಿಯಲ್ಲಿ 28 ಬಂದವರು ಐವರು, 26 ಅಥವಾ 27 ಬಂದವರು ಒಬ್ಬರೂ ಇಲ್ಲ. ಇದು ಹೇಗಾಗುತ್ತದೆ ಅಂತ ತಿದ್ದಿದವರಿಗೆಲ್ಲ ಗೊತ್ತು. ಪಾಪ ಅಂತ ಒಂದೆರಡು ಅಂಕ ಸೇರಿಸಿರುತ್ತೇವೆ. ಪ್ರೀತಿಯಿಂದಲೇ ಸೇರಿಸಿದ್ದು, ಆದರೆ ಆ ಐವರು ಸಹಾಯ ಬೇಕಾದವರ ಪಟ್ಟಿಯಿಂದಲೇ ಹೊರಗೆ ಹೋಗುತ್ತಾರೆ. ಅದಕ್ಕೇ ನಾನು ಪಟ್ಟಿಯನ್ನು 28ಕ್ಕೆ ಕತ್ತರಿಸುವುದಿಲ್ಲ, 32ರವರೆಗೂ ಎಳೆಯುತ್ತೇನೆ.

ಪಟ್ಟಿ ಸಿಕ್ಕ ಮೇಲೆ ಉತ್ತರ ಪತ್ರಿಕೆಯನ್ನು ಮತ್ತೆ ಕೈಗೆ ತೆಗೆದುಕೊಳ್ಳಬೇಕು. ಗಣಿತದಲ್ಲಿ 24 ತೆಗೆದ ಒಬ್ಬ ಹುಡುಗಿ, ಉಳಿದ ಐದೂ ಪಾಸ್. x² − 5x + 6 = 0 ಬಿಡಿಸಬೇಕಿತ್ತು. ಸೂತ್ರವನ್ನು ಅಚ್ಚುಕಟ್ಟಾಗಿ ಬರೆದಿದ್ದಾಳೆ. b ಅಂದರೆ −5, ಹಾಗಾಗಿ −b ಅಂದರೆ 5 ಆಗಬೇಕು. ಅವಳು ಮತ್ತೆ −5 ಅಂತಲೇ ಹಾಕಿದ್ದಾಳೆ. ಉತ್ತರ 3 ಮತ್ತು 2 ಬರಬೇಕಾದಲ್ಲಿ −2 ಮತ್ತು −3 ಬಂದಿದೆ. ಸಮಾಂತರ ಶ್ರೇಢಿಯ ಲೆಕ್ಕದಲ್ಲೂ ಇದೇ ಕಥೆ, ಕಳೆಯುವ ಚಿಹ್ನೆ ಬಂದ ಕಡೆಯೆಲ್ಲ ಎಡವಿದ್ದಾಳೆ. ಇವಳಿಗೆ ವರ್ಗ ಸಮೀಕರಣದ ಪಾಠ ಇನ್ನೊಮ್ಮೆ ಮಾಡಿದರೆ ಪ್ರಯೋಜನ ಇಲ್ಲ, ಪೂರ್ಣಾಂಕಗಳನ್ನು ಕೂಡಿ ಕಳೆಯುವುದನ್ನೇ ಕೂತು ಮಾಡಿಸಬೇಕು. ಅವಳ ಪಕ್ಕದ ಬೆಂಚಿನ ಹುಡುಗನದು ಬೇರೆಯೇ ವಿಷಯ. ರಚನೆಯ ಪ್ರಶ್ನೆಗಳೆಲ್ಲ ಖಾಲಿ, ಕೇಳಿದರೆ ಕೈವಾರ ಇರಲಿಲ್ಲ ಅಂದ.

ಮಾರನೇ ದಿನ ಅವನಿಗೊಂದು ಕೈವಾರ ತಂದುಕೊಟ್ಟೆ. ಹುಡುಗಿ ಜೊತೆ ಮಧ್ಯಾಹ್ನ ಊಟ ಆದ ಮೇಲೆ ದಿನಾ ಇಪ್ಪತ್ತು ನಿಮಿಷ ಕೂರುತ್ತಿದ್ದೇನೆ.